ಕತ್ತರಿಸಿದ ಹದಿನೆಂಟು ಸೆಕೆಂಡು

ಎದುರಿಗೆ ಮೇಡಂ, ಬೆನ್ನ ಹಿಂದೆ ಕತ್ತರಿಯಮ್ಮ. ಇಪ್ಪತ್ತಾರು ವರ್ಷದಿಂದ ಆ ಕಚೇರಿಯಲ್ಲಿ ಆಕೆಗೆ ಈ ಎರಡು ಹೆಸರು. ಕೆಲಸ ಮಾತ್ರ ಒಂದೇ. ಹೊಸ ಸಿನಿಮಾವನ್ನು ಊರಿಗಿಂತ ಮುಂಚೆ ನೋಡಿ, ಎಷ್ಟು ವಯಸ್ಸಿನ ಮಕ್ಕಳು ಇದನ್ನು ನೋಡಬಹುದು ಅಂತ ಬರೆದುಕೊಡುವುದು. 'ಎಲ್ಲರಿಗೂ', 'ಏಳರ ಮೇಲೆ', 'ಹನ್ನೆರಡರ ಮೇಲೆ', ಹೀಗೆ. ಕೂತು ಸಿನಿಮಾ ನೋಡೋದಕ್ಕೆ ಸಂಬಳವಾ ಅಂತ ನೆಂಟರಿಷ್ಟರೆಲ್ಲ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಒಂದು ದಿನ ಬಂದು ಕೂತುಕೊಂಡಿದ್ದರೆ ಗೊತ್ತಾಗುತ್ತಿತ್ತು, ಒಂದೇ ರಾಕ್ಷಸನ ಬಾಯಿಯನ್ನು ಹದಿನಾಲ್ಕು ಸಲ ನೋಡುವುದು ಎಂಥ ಸುಖ ಅಂತ.

ನೋಡುವುದಕ್ಕೆ ಆಕೆಯದೇ ಒಂದು ಪದ್ಧತಿ ಇತ್ತು. ಮೊದಲ ಸಲ ಸುಮ್ಮನೆ ಪ್ರೇಕ್ಷಕಳ ಹಾಗೆ ಪೂರ್ತಿ ನೋಡುವುದು. ಎರಡನೇ ಸಲ ಸದ್ದು ಆರಿಸಿ, ಬರೀ ಚಿತ್ರ. ಮೂರನೇ ಸಲ ಕಣ್ಣು ಮುಚ್ಚಿಕೊಂಡು, ಬರೀ ಸದ್ದು. ಜೊತೆಯಲ್ಲಿ ಕೂರುತ್ತಿದ್ದ ಮೇಷ್ಟ್ರು, ಅಂದರೆ ಶಾಲೆಯ ಮೇಷ್ಟರಿಕೆ ಬಿಟ್ಟು ಈ ಕೆಲಸಕ್ಕೆ ಬಂದ ಸಹೋದ್ಯೋಗಿ, ಮೊದಮೊದಲು ಇದನ್ನು ನೋಡಿ ಆಕೆ ನಿದ್ದೆ ಹೊಡೆಯುತ್ತಿದ್ದಾಳೆ ಅಂದುಕೊಂಡಿದ್ದ.

"ಹೆದರಿದ ಮಗು ಏನು ಮಾಡುತ್ತೆ ಹೇಳಿ ಮೇಷ್ಟ್ರೇ," ಅಂತ ಆಕೆ ಕೇಳಿದ್ದಳು. "ಕಣ್ಣು ಮುಚ್ಕೊಳ್ಳುತ್ತೆ. ಕಿವಿ ಮುಚ್ಕೊಳ್ಳೋದು ಅದಕ್ಕೆ ಹೊಳೆಯೋದೇ ಇಲ್ಲ. ಕಣ್ಣು ಮುಚ್ಚಿದ ಮೇಲೆ ಏನು ಕೇಳಿಸುತ್ತೆ ಅನ್ನೋದೇ ಅರ್ಧ ಸಿನಿಮಾ."

ಆಕೆಯ ಪುಸ್ತಕದಲ್ಲಿ ಪ್ರತಿ ಹಾಳೆಗೂ ಗೆರೆ ಎಳೆದಿರುತ್ತಿತ್ತು. ಎಷ್ಟನೇ ನಿಮಿಷ, ಏನು ಕಾಣುತ್ತೆ, ಏನು ಕೇಳುತ್ತೆ, ಅಪಾಯ ಯಾರಿಗೆ, ಎಷ್ಟು ಹೊತ್ತು, ಆಮೇಲೆ ಸಮಾಧಾನ ಸಿಗುತ್ತಾ ಇಲ್ಲವಾ. ಏಳರ ಒಳಗಿನವರಿಗೆ ಕಂಡದ್ದೇ ನಿಜ. ಅವರಿಗೆ 'ಇದು ಸಿನಿಮಾ ಕಣೋ, ಸುಳ್ಳು' ಅಂದರೆ ಹೂಂ ಅಂತಾರೆ, ಹೆದರಿಕೆ ಒಂದು ಚೂರೂ ಇಳಿಯುವುದಿಲ್ಲ. ಏಳು ದಾಟಿದವರು ಅದು ಸುಳ್ಳು ಅಂತ ಬಲ್ಲರು, ಆದರೆ 'ನಮ್ಮನೇಲೂ ಹೀಗಾದ್ರೆ?' ಅಂತ ಲೆಕ್ಕ ಹಾಕುತ್ತಾರೆ. ಗಾಯ, ಕಳ್ಳರು, ಅಪ್ಪ ಅಮ್ಮ ಸಾಯುವುದು, ಇವೆಲ್ಲ ಅವರ ಭಯ. ಹನ್ನೆರಡು ದಾಟಿದರೆ ತೋರಿಸದೇ ಇದ್ದದ್ದಕ್ಕೂ ಹೆದರುತ್ತಾರೆ. ಮನೆಯಷ್ಟು ದೊಡ್ಡ ಹೆಬ್ಬಾವು ಬಂದರೂ ಜೊತೆಗೆ ತಮಾಷೆ ಸಂಗೀತ ಇದ್ದರೆ ನಾಲ್ಕು ವರ್ಷದ ಮಗು ಕೇಕೆ ಹಾಕುತ್ತದೆ. ಅದೇ ಮಗು, ನಗುತ್ತಾ ಮುದ್ದು ಮಾಡುತ್ತಿದ್ದ ಅಜ್ಜಿಯ ಹಲ್ಲು ಸ್ವಲ್ಪ ಉದ್ದವಾದರೆ ಸಾಕು, ಆರು ತಿಂಗಳು ಒಂಟಿಯಾಗಿ ಬಚ್ಚಲುಮನೆಗೆ ಹೋಗುವುದಿಲ್ಲ. ನಂಬಿದ ಮುಖ ಬದಲಾಗುವುದಕ್ಕಿಂತ ದೊಡ್ಡ ಭಯ ಚಿಕ್ಕವರಿಗೆ ಇಲ್ಲ.

ಇಷ್ಟೆಲ್ಲ ಬಲ್ಲವಳು ಆಕೆ. ದೀಪದ ಬುಡದಲ್ಲೇ ಕತ್ತಲೆ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ರಜೆ ಶುರುವಾಗುವ ಮುಂಚೆ ಒಂದು ಸಾಹಸದ ಚಿತ್ರ ಬಂತು. ಒಬ್ಬ ಹುಡುಗಿ, ಅವಳ ಅಮ್ಮನಿಗೆ ಶಾಪ. ಅಮ್ಮ ದಿನದಿಂದ ದಿನಕ್ಕೆ ಬೂದಿಯ ಹೆಣ್ಣಾಗುತ್ತಾಳೆ. ಕೂದಲು ಉದುರುತ್ತದೆ, ಚರ್ಮ ಬೂದು ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಗುಳಿ ಬೀಳುತ್ತದೆ. ಹುಡುಗಿ ಬೆಟ್ಟ, ಗುಹೆ, ಸುರಂಗ ಎಲ್ಲ ದಾಟಿ ನೀರು ತರುತ್ತಾಳೆ. ಕೊನೆಯಲ್ಲಿ ಬೂದಿಯ ಹೆಣ್ಣು ಬಾಯಿ ತೆರೆದುಕೊಂಡು ಪರದೆ ತುಂಬ ಎರಗುತ್ತಾಳೆ. ಹುಡುಗಿ ನೀರು ಎರಚುತ್ತಾಳೆ. ಆ ಮುಖ ಕರಗಿ ಕರಗಿ ಮತ್ತೆ ಅಮ್ಮನ ಮುಖವಾಗುತ್ತದೆ. ಎಲ್ಲ ಒಂದೇ ಓಟದಲ್ಲಿ, ನಡುವೆ ಎಲ್ಲೂ ಮುರಿಯದೆ, ಹದಿನೆಂಟು ಸೆಕೆಂಡು. ಆಮೇಲೆ ಅಮ್ಮ ಮಗಳು ಕೈ ಹಿಡಿದುಕೊಂಡು ಗದ್ದೆಯಂಚಿನಲ್ಲಿ ಮನೆ ಕಡೆ ನಡೆಯುತ್ತಾರೆ. ಅವರ ಬೆನ್ನು ಮಾತ್ರ ಕಾಣುತ್ತದೆ.

"ಏಳರ ಮೇಲೆ," ಅಂದ ಮೇಷ್ಟ್ರು, ದೀಪ ಹಾಕಿದ ಕೂಡಲೇ.

ಹಂಚಿಕೆದಾರ ಒಪ್ಪಲಿಲ್ಲ. ಪುಟ್ಟ ಮಕ್ಕಳ ಚಿತ್ರ, ಏಳರ ಮೇಲೆ ಅಂದರೆ ಚಿಕ್ಕದನ್ನು ಮನೆಯಲ್ಲಿ ಬಿಟ್ಟು ಯಾರು ಬರುತ್ತಾರೆ, ಏನು ತೆಗೆಯಬೇಕೋ ಹೇಳಿ, ತೆಗೆದು ತರುತ್ತೇನೆ ಅಂದ. ಅದು ನಿಯಮದಲ್ಲಿ ಇದ್ದದ್ದೇ. ಕತ್ತರಿಯಮ್ಮ ಪುಸ್ತಕ ತೆರೆದು ಮೂರು ಕಡೆ ಗುರುತು ಹಾಕಿದಳು. ಗುಹೆಯ ಕಿರುಚಾಟದ ಸದ್ದು ಅರ್ಧಕ್ಕೆ ಇಳಿಸಬೇಕು. ಕೂದಲು ಕಿತ್ತು ಬರುವುದನ್ನು ತೆಗೆಯಬೇಕು. ಕೊನೆಯಲ್ಲಿ ಬಾಯಿ ಕಳೆದು ಎರಗುವುದನ್ನು ತೆಗೆಯಬೇಕು.

ನಾಲ್ಕು ದಿನಕ್ಕೆ ಅವನು ತಿದ್ದಿದ ಪ್ರತಿ ತಂದ. ತಿದ್ದಿದ ಪ್ರತಿ ಬಂದಾಗ ಪೂರ್ತಿ ನೋಡುವ ರೂಢಿ ಆ ಕಚೇರಿಯಲ್ಲಿ ಇರಲಿಲ್ಲ. ಕತ್ತರಿಸಿದ ಜಾಗಕ್ಕೆ ಹೋಗಿ, ಹಿಂದಿನ ಹತ್ತು ಸೆಕೆಂಡು, ಮುಂದಿನ ಹತ್ತು ಸೆಕೆಂಡು ನೋಡಿ, ಅದು ಹೋಗಿದೆ ಅಂತ ಖಾತ್ರಿ ಮಾಡಿಕೊಂಡು ಸಹಿ ಹಾಕುವುದು. ಎಲ್ಲರೂ ಹಾಗೇ ಮಾಡುತ್ತಿದ್ದರು.

"ಒಂದ್ಸಲ ಪೂರ್ತಿ ಓಡಿಸೋಣ್ವಾ ಮೇಡಂ?" ಅಂತ ಮೇಷ್ಟ್ರು ಕೇಳಿದ.

ಆಕೆ ಗಡಿಯಾರ ನೋಡಿದಳು. ಮೂರೂಕಾಲು. ನಾಲ್ಕರಿಂದ ಐದು ಆಸ್ಪತ್ರೆಯಲ್ಲಿ ನೋಡಲು ಬಿಡುವ ಹೊತ್ತು. ಅಲ್ಲಿ ಆಕೆಯ ಒಬ್ಬಳೇ ಮಗಳು ಆರು ವಾರದಿಂದ ಮಲಗಿದ್ದಳು. "ಬೇಡ ಬಿಡಿ," ಅಂದು ಸಹಿ ಹಾಕಿದಳು. 'ಎಲ್ಲರಿಗೂ.'

ಮಗಳಿಗೆ ಐದು ವರ್ಷದ ಹೆಣ್ಣುಮಗು. ಹುಟ್ಟಿದಾಗ ಅಂಗೈಯಷ್ಟಿತ್ತು, ಮಾತು ಬಂದ ಮೇಲೆ ಒಗ್ಗರಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟ. ಅದಕ್ಕೇ ಮನೆಯಲ್ಲಿ ಎಲ್ಲರಿಗೂ ಅವಳು ಸಾಸಿವೆ. ಆ ವಾರ್ಡಿಗೆ ಚಿಕ್ಕ ಮಕ್ಕಳನ್ನು ಬಿಡುತ್ತಿರಲಿಲ್ಲ. ಫೋನಿನಲ್ಲಾದರೂ ಮುಖ ತೋರಿಸು ಅಂದರೆ ಮಗಳು ಒಪ್ಪಲಿಲ್ಲ. "ಈ ಅವತಾರದಲ್ಲಿ ಬೇಡಮ್ಮ. ಸ್ವಲ್ಪ ಸರಿಹೋಗ್ಲಿ, ಆಮೇಲೆ." ಹಾಗಾಗಿ ದಿನಾ ಸಂಜೆ ಬರೀ ದನಿ. ಸಾಸಿವೆ ಫೋನನ್ನು ಕೆನ್ನೆಗೆ ಒತ್ತಿಕೊಂಡು ಶಾಲೆಯ ಚಾಡಿಯೆಲ್ಲ ಹೇಳಿ ಮುಗಿಸುತ್ತಿದ್ದಳು.

ಮುಂದಿನ ಶನಿವಾರ ಮಗು ಮನೆಯಲ್ಲಿ ಕೂತು ರಚ್ಚೆ ಹಿಡಿಯಿತು. ಅಳಿಯ ಪಾಪ, ಆಸ್ಪತ್ರೆ ಮನೆ ಅಂತ ಅಲೆದು ಹೈರಾಣಾಗಿದ್ದ. "ಅತ್ತೆ, ಯಾವುದಾದ್ರೂ ಸಿನಿಮಾಗೆ ಕರ್ಕೊಂಡು ಹೋಗ್ಲಾ?" ಅಂದ.

"ಅದಕ್ಕೆ ಹೋಗಿ, ಅದೇ ಹುಡುಗಿ ನೀರು ತರೋದು. ನಾನೇ ಪಾಸ್ ಮಾಡಿದ್ದು," ಅಂದಳು ಕತ್ತರಿಯಮ್ಮ.

ಸಂಜೆ ಬಂದ ಅಳಿಯ ಖುಷಿಯಲ್ಲೇ ಹೇಳಿದ. "ಒಂದು ಸಲಾನೂ ಅಳ್ಲಿಲ್ಲ ಅತ್ತೆ. ಅಲುಗಾಡದೆ ಕೂತಿದ್ಲು. ಬರ್ತಾ ದಾರೀಲೂ ಒಂದು ಮಾತಿಲ್ಲ."

ಆಕೆ ಹೋಗಿ ಮಗುವಿನ ಹಣೆ ಮುಟ್ಟಿ ನೋಡಿದಳು. ಅತ್ತು ರಂಪ ಮಾಡುವ ಮಗುವಿನ ಬಗ್ಗೆ ಆಕೆ ಯಾವತ್ತೂ ತಲೆ ಕೆಡಿಸಿಕೊಂಡವಳಲ್ಲ. ಅತ್ತರೆ ಅರ್ಧ ಹೊರಗೆ ಹೋಗುತ್ತದೆ. ಮರದ ಹಾಗೆ ಕೂತ ಮಗುವೇ ಕಷ್ಟ. ಆದರೆ ಸಾಸಿವೆ ಊಟ ಮಾಡಿದಳು, ಮಲಗಿದಳು. ಏನೂ ಇಲ್ಲ ಬಿಡು ಅಂತ ಆಕೆ ತನಗೆ ತಾನೇ ಹೇಳಿಕೊಂಡಳು.

ಸೋಮವಾರ ಡಾಕ್ಟರು ಅಳಿಯನನ್ನೂ ಆಕೆಯನ್ನೂ ಒಳಗೆ ಕರೆದು ಕೂರಿಸಿದರು. ನಮ್ಮ ಕೈಲಾದದ್ದು ಮುಗಿಯಿತು, ಮನೆಗೆ ಕರೆದುಕೊಂಡು ಹೋಗಿ, ನೋವಿಗೆ ಔಷಧಿ ಬರೆದುಕೊಡುತ್ತೇವೆ, ಎರಡು ವಾರ, ಹೆಚ್ಚೆಂದರೆ ಮೂರು ಅಂದರು. ಮಗಳಿಗೂ ಗೊತ್ತಿತ್ತು. ಗಾಡಿಯಲ್ಲಿ ಬರುವಾಗ ಅವಳು ಕೇಳಿದ್ದು ಒಂದೇ. "ಸಾಸಿವೇನ ಪಕ್ಕದಲ್ಲಿ ಮಲಗಿಸ್ಕೋತೀನಿ ಅಮ್ಮ. ಬೇರೆ ಏನೂ ಬೇಡ ನಂಗೆ."

ಆ ಹೆಣ್ಣುಮಗಳ ತಲೆಯಲ್ಲಿ ಒಂದು ಕೂದಲಿರಲಿಲ್ಲ. ಔಷಧಿಯಿಂದ ಮುಖ ಊದಿಕೊಂಡು, ಬಣ್ಣ ಬೂದಿಯಾಗಿತ್ತು. ಕಣ್ಣಿನ ಸುತ್ತ ಕಪ್ಪು. ದಿನಾ ನೋಡಿದ ತಾಯಿಗೆ ಅದು ಮಗಳ ಮುಖವಾಗಿಯೇ ಕಾಣುತ್ತಿತ್ತು. ಪಕ್ಕದ ಮನೆಯವರ ಜೊತೆ ಕಾದಿದ್ದು ಬಾಗಿಲು ತೆರೆದ ಸಾಸಿವೆಗೆ ಹಾಗೆ ಕಾಣಲಿಲ್ಲ.

ಮಗು ಕಿರುಚಲಿಲ್ಲ. ಹಿಂದೆ ಹಿಂದೆ ಹೆಜ್ಜೆ ಇಟ್ಟು, ಚಪ್ಪಲಿ ಗೂಡಿನ ಸಂದಿಯಲ್ಲಿ ಹೋಗಿ ಕೂತಿತು. ಎಳೆಯಲು ಹೋದ ಅಪ್ಪನ ಕೈ ಕಚ್ಚಿತು.

"ಅಮ್ಮ ಬಂದಿದಾಳೆ ಪುಟ್ಟ, ನೋಡು," ಅಂದ ಅಳಿಯ.

"ಅದು ಅಮ್ಮ ಅಲ್ಲ," ಅಂತು ಸಾಸಿವೆ. "ಅಮ್ಮನ್ನ ಒಳಗೆ ಹಾಕ್ಕೊಂಡಿದೆ."

ಹಜಾರದಲ್ಲಿ ನಿಂತಿದ್ದ ಸಾಸಿವೆಯ ಅಮ್ಮ ಅದನ್ನು ಕೇಳಿಸಿಕೊಂಡಳು. ಗೋಡೆ ಹಿಡಿದುಕೊಂಡು ಕೋಣೆಗೆ ಹೋಗಿ, ಬಾಗಿಲ ಪರದೆ ಎಳೆದುಕೊಂಡು ಮಲಗಿದಳು.

ಎರಡು ದಿನ ಹೀಗೇ. ಅಳಿಯ ಬೈದ, ಬೇಡಿಕೊಂಡ, ಚಾಕೊಲೇಟ್ ತೋರಿಸಿದ. "ಸಿನಿಮಾ ಎಲ್ಲ ಸುಳ್ಳು ಅಂತ ಹೇಳಿ ಅತ್ತೆ, ನಿಮ್ಮ ಮಾತು ಕೇಳ್ತಾಳೆ," ಅಂತ ಆಕೆಗೆ ದುಂಬಾಲು ಬಿದ್ದ. ಎರಡು ವಾರದಲ್ಲಿ ಎರಡು ದಿನ ಹೋಯಿತು. ಸುಳ್ಳು ಅಂತ ಹೇಳಿ ಉಪಯೋಗವಿಲ್ಲ ಅಂತ ಆಕೆಗೆ ಗೊತ್ತು. ಮೂರನೇ ದಿನ ಆಕೆ ಮಗುವನ್ನು ತಾರಸಿಗೆ ಕರೆದುಕೊಂಡು ಹೋಗಿ, ಮಡಿಲಲ್ಲಿ ಕೂರಿಸಿಕೊಂಡು, ಕಸುಬಿನ ಹಳೆಯ ಉಪಾಯ ಹೂಡಿದಳು. ಮಗುವಿಗೆ ಏನು ಹೆದರಿಕೆ ಅಂತ ಕೇಳಬಾರದು. ಕತೆ ಹೇಳಿಸಬೇಕು. ಎಲ್ಲಿ ನಿಲ್ಲಿಸುತ್ತದೋ ಅಲ್ಲಿ ಮುಳ್ಳು.

ಸಾಸಿವೆ ಹೇಳಿದಳು. ಬೆಟ್ಟ, ಗುಹೆ, ಸುರಂಗ ಎಲ್ಲ ಸರಾಗ. "ಆಮೇಲೆ ಅವಳ ಅಮ್ಮ ಬೂದಿ ಆದ್ಲು. ಆಮೇಲೆ ಹುಡುಗಿ ಬಂದ್ಲು. ಆಮೇಲೆ ಹುಡುಗಿ ಅದ್ರ ಕೈ ಹಿಡ್ಕೊಂಡು ಹೋಗ್ಬಿಟ್ಲು."

"ಅಮ್ಮನ ಕೈ ತಾನೇ?"

"ಅಲ್ಲ. ಅದ್ರದ್ದು."

"ಯಾಕೆ ಹಾಗಂತೀಯ?"

"ಮುಖ ತೋರಿಸ್ಲೇ ಇಲ್ವಲ್ಲ ಅಜ್ಜಿ. ಮುಖ ಸರಿ ಆಗಿದ್ರೆ ತೋರಿಸ್ತಿದ್ರು."

ಕತ್ತರಿಯಮ್ಮ ತಾರಸಿಯಿಂದ ಇಳಿದು ಬಂದಳು. ಮಗುವನ್ನು ಅಳಿಯನ ಕೈಗೆ ಕೊಟ್ಟು, ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಕಚೇರಿಗೆ ಹೋದಳು. ತಿದ್ದಿದ ಪ್ರತಿ ಹಾಕಿಸಿ, ಅವತ್ತು ನೋಡಬೇಕಾಗಿದ್ದ ಹಾಗೆ ಪೂರ್ತಿ ನೋಡಿದಳು. ಎರಗುವ ಬಾಯಿ ಹನ್ನೊಂದು ಸೆಕೆಂಡು, ಮುಖ ಕರಗಿ ಅಮ್ಮನಾಗುವುದು ಏಳು ಸೆಕೆಂಡು. ಎರಡೂ ಒಂದೇ ಓಟದಲ್ಲಿ ಇದ್ದುದರಿಂದ ಹಂಚಿಕೆದಾರ ಹದಿನೆಂಟನ್ನೂ ಕಿತ್ತು ಬಿಸಾಕಿದ್ದ. ಈಗ ಬೂದಿಯ ಹೆಣ್ಣು ಎದ್ದು ನಿಲ್ಲುತ್ತಾಳೆ, ಹುಡುಗಿ ನೀರಿನ ಪಾತ್ರೆ ಎತ್ತುತ್ತಾಳೆ, ಆಮೇಲೆ ಗದ್ದೆಯಂಚಿನಲ್ಲಿ ಎರಡು ಬೆನ್ನು. ದೊಡ್ಡವರ ತಲೆ ನಡುವಿನ ಖಾಲಿಯನ್ನು ತಾನೇ ತುಂಬಿಕೊಳ್ಳುತ್ತದೆ. ಚಿಕ್ಕವರ ತಲೆ ತುಂಬಿಕೊಳ್ಳುವುದಿಲ್ಲ, ತೋರಿಸಿದ್ದಷ್ಟೇ ಅವರಿಗೆ ಇರುವುದು. ಹೆದರಿಕೆ ತೆಗೆಯುತ್ತೇನೆ ಅಂತ ಹೋಗಿ ಆಕೆ ಸಮಾಧಾನವನ್ನು ತೆಗೆದಿದ್ದಳು. ಹಿಂದೆ ಹತ್ತು, ಮುಂದೆ ಹತ್ತು ನೋಡಿದಾಗ ಎಲ್ಲ ಚೊಕ್ಕವಾಗಿಯೇ ಕಂಡಿತ್ತು.

"ನೀವು ಪೂರ್ತಿ ನೋಡೋಣ ಅಂದ್ರಿ," ಅಂದಳು.

"ನಾನೂ ಸಹಿ ಹಾಕಿದೀನಿ ಮೇಡಂ," ಅಂದ ಮೇಷ್ಟ್ರು, ಆಕೆಯ ಮುಖ ನೋಡದೆ.

ಅಲ್ಲೇ ಕೂತು ಆಕೆ ಮೇಲಿನವರಿಗೆ ಕಾಗದ ಬರೆದಳು. ತಪ್ಪು ನನ್ನದು, ಚಿತ್ರವನ್ನು 'ಏಳರ ಮೇಲೆ' ಮಾಡಿ, ಅಥವಾ ಆ ಏಳು ಸೆಕೆಂಡು ವಾಪಸ್ ಸೇರಿಸಿ. ಮೇಲಿನವರು ಸಭೆ ಕರೆದು ತೀರ್ಮಾನ ಮಾಡುವ ಹೊತ್ತಿಗೆ ಚಿತ್ರ ಮೂರು ವಾರ ಓಡಿ ಮುಗಿದಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಊರಿನಲ್ಲಿ ಇನ್ನೆಷ್ಟು ಮನೆಯಲ್ಲಿ ಎಷ್ಟು ಸಾಸಿವೆಗಳು ಚಪ್ಪಲಿ ಗೂಡಿನ ಪಕ್ಕ ಕೂತಿದ್ದವೋ, ಅದಕ್ಕೆ ಲೆಕ್ಕ ಇಟ್ಟವರಿಲ್ಲ.

ಕತ್ತರಿಸುವ ಮುಂಚಿನ ಪ್ರತಿ ಕಚೇರಿಯ ಬೀರುವಿನಲ್ಲೇ ಇತ್ತು. ಮರುದಿನ ಬೆಳಗ್ಗೆ ಹನ್ನೊಂದಕ್ಕೆ ಆಕೆ ಮಗುವನ್ನು ಅಲ್ಲಿಗೆ ಕರೆದುಕೊಂಡು ಬಂದಳು. ದೀಪಗಳೆಲ್ಲ ಹಾಕಿಸಿದಳು, ಬಾಗಿಲು ತೆರೆದಿಟ್ಟಳು, ಸದ್ದು ಪೂರ್ತಿ ಆರಿಸಿದಳು, ದೊಡ್ಡ ಪರದೆ ಬಿಟ್ಟು ಮೇಜಿನ ಮೇಲಿನ ಪುಟ್ಟ ಪರದೆಯೇ ಸಾಕು ಅಂದಳು. ಮಗುವಿನ ಬೆನ್ನು ತನ್ನ ಎದೆಗೆ ಆತುಕೊಂಡಿರುವ ಹಾಗೆ ಕೂರಿಸಿಕೊಂಡಳು. ನಿಲ್ಲಿಸುವ ಗುಂಡಿ ಮಗುವಿನ ಬೆರಳಿಗೇ ಕೊಟ್ಟಳು. ಬೇಡ ಅನಿಸಿದ ಕೂಡಲೇ ಒತ್ತು ಅಂದಳು. ಬಾಯಿ ಕಳೆಯುವುದನ್ನು ಬಿಟ್ಟು, ಬರೀ ಆ ಏಳು ಸೆಕೆಂಡನ್ನು ಮೇಷ್ಟ್ರು ನಿಧಾನವಾಗಿ, ಒಂದೊಂದೇ ಚಿತ್ರವಾಗಿ ಸರಿಸಿದ.

ಸಾಸಿವೆ ಮೊದಲು ಬೆರಳ ಸಂದಿಯಿಂದ ನೋಡಿದಳು. ಎರಡನೇ ಸಲ ಒಂದು ಕೈ ಇಳಿಸಿದಳು. ಬೂದಿ ಇಳಿಯಿತು, ಹುಬ್ಬು ಬಂತು, ಕೂದಲು ಬಂತು, ಅಮ್ಮ ಬಂದಳು. ಮೂರನೇ ಸಲ ಮಗು ಪರದೆಯ ಹತ್ತಿರ ಬಾಗಿ, ಆ ಮುಖವನ್ನು ಬೆರಳಿನಿಂದ ಮುಟ್ಟಿತು. ಅಜ್ಜಿಗೆ ಉಸಿರು ಬಂದ ಹಾಗಾಯಿತು.

"ಅಜ್ಜಿ," ಅಂತು ಮಗು. "ನಮ್ಮಮ್ಮನ ಮುಖ ಯಾವಾಗ ಸರಿ ಆಗುತ್ತೆ?"

ಮೇಷ್ಟ್ರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಕತ್ತರಿಯಮ್ಮ ಮಗುವನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. ನಾಳೆ ಅನ್ನಬಹುದಿತ್ತು. ನಾಳೆ ಬಂದಾಗ ಮಗು ಆ ಮುಖವನ್ನು ನೋಡಿ ಏನಂದುಕೊಳ್ಳುತ್ತದೆ ಅಂತ ಆಕೆಗೆ ಚೆನ್ನಾಗಿ ಗೊತ್ತಿತ್ತು.

"ಆಗಲ್ಲ ಕಣೆ," ಅಂದಳು ಕೊನೆಗೆ. "ಅದು ಶಾಪ ಅಲ್ಲ, ಕಾಯಿಲೆ. ಔಷಧಿಗೆ ಮುಖ ಹಾಗಾಗಿದೆ. ಇನ್ನು ಹಾಗೇ ಇರುತ್ತೆ. ಆದ್ರೆ ಅಮ್ಮನೇ ಅದು."

ಸಾಸಿವೆ ಗುಂಡಿ ಒತ್ತಿ ಚಿತ್ರ ನಿಲ್ಲಿಸಿದಳು. "ಹಂಗಾದ್ರೆ ನಾನು ನೋಡಲ್ಲ," ಅಂದಳು.

ಬಸ್ಸಿನಲ್ಲಿ ವಾಪಸ್ ಬರುವಾಗ ಮಗು ಆಕೆಯ ತೋಳಿಗೆ ತಲೆ ಇಟ್ಟು ನಿದ್ದೆ ಹೋಯಿತು. ಆ ಮುಚ್ಚಿದ ಕಣ್ಣು ನೋಡುತ್ತ ಕೂತ ಆಕೆಗೆ ತನ್ನ ಮೂರನೇ ಸಲದ ಪದ್ಧತಿ ನೆನಪಾಯಿತು. ನೋಡಲ್ಲ ಅಂದರೆ ಬೇಡ. ಕೇಳಲಿ.

ಮನೆಗೆ ಬಂದು ಮಗಳಿಗೆ ಎಲ್ಲ ಹೇಳಿದಳು, ತನ್ನ ಸಹಿಯ ವಿಷಯವನ್ನೂ ಸೇರಿಸಿ. ಮಗಳು ಅಮ್ಮನ ಕೈಯನ್ನು ತನ್ನ ಕಡೆ ಎಳೆದುಕೊಂಡಳು. "ಅವತ್ತು ನನ್ನ ನೋಡೋಕೆ ತಾನೇ ಓಡಿ ಬಂದಿದ್ದು ನೀನು," ಅಂದಳು. ಆ ಮಾತಿಗಿಂತ ಬೈಗುಳವೇ ವಾಸಿಯಾಗಿರುತ್ತಿತ್ತು.

ಆ ಸಂಜೆ ಮಂಚವನ್ನು ಬಾಗಿಲ ಪಕ್ಕಕ್ಕೆ ಎಳೆದು, ಸಾಸಿವೆಯನ್ನು ಬಾಗಿಲ ಪರದೆಯ ಈಚೆಗೆ ಕೂರಿಸಿದರು. ಆಚೆಯಿಂದ ಅಮ್ಮ ಫೋನಿನಲ್ಲಿ ಮಾತಾಡುವ ಹಾಗೇ ಮಾತಾಡಿದಳು. "ಶಾಲೇದು ಇನ್ನೂ ಯಾರ ಚಾಡಿ ಬಾಕಿ ಇದೆ ಹೇಳು?" ಮಗು ಪರದೆಯ ಅಂಚು ಹಿಡಿದುಕೊಂಡು ಪೆನ್ಸಿಲ್ ಕದ್ದವನ ಚಾಡಿ ಹೇಳಿತು. ಮರುದಿನ ಪರದೆಯ ಕೆಳಗಿಂದ ಕೈ ತೂರಿಸಿ ಅಮ್ಮನ ಬೆರಳು ಹಿಡಿದುಕೊಂಡಿತು. ಉಗುರು ಮುಟ್ಟಿ ನೋಡಿತು, ಬಳೆ ತಿರುಗಿಸಿ ನೋಡಿತು. ಅದರ ಮರುದಿನ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು, ಅಜ್ಜಿಯ ಕೈ ಹಿಡಿದು ಒಳಗೆ ಬಂದು, ಹಾಸಿಗೆ ಹತ್ತಿ ಅಮ್ಮನ ಪಕ್ಕ ಮಲಗಿತು. ಯಾರೂ ಕಣ್ಣು ಬಿಡು ಅನ್ನಲಿಲ್ಲ. ಬೇಕು ಅನಿಸಿದಾಗ ನೀನೇ ಬಿಡು ಅಂತ ಅಮ್ಮ ಹೇಳಿದ್ದಳು. ಅವಳು ಮಗುವಿನ ತಲೆಯ ಮೇಲೆ ಮೂಗಿಟ್ಟು ಮಲಗಿಕೊಂಡಳು, ಕಣ್ಣಲ್ಲಿ ನೀರು ಬಂದರೂ ಮೂಗು ಏರಿಸುವ ಸದ್ದು ಮಾಡಲಿಲ್ಲ.

ಡಾಕ್ಟರು ಹೇಳಿದ ಎರಡು ವಾರವೂ ಸಿಗಲಿಲ್ಲ. ಒಳಗೆ ಬಂದು ಮಲಗಲು ಶುರುಮಾಡಿ ನಾಲ್ಕು ದಿನ. ಐದನೇ ದಿನ ಬೆಳಗ್ಗೆ ಒಂಬತ್ತರ ಸುಮಾರು, ಅಳಿಯ ಔಷಧಿ ತರಲು ಹೋಗಿದ್ದಾಗ, ಸಾಸಿವೆ ಕಣ್ಣು ಮುಚ್ಚಿಕೊಂಡು ಪಕ್ಕದಲ್ಲಿ ಮಲಗಿ ಯಾವುದೋ ಚಾಡಿ ಹೇಳುತ್ತಿದ್ದಳು. ಅಜ್ಜಿ ಹಾಸಿಗೆಯ ಕಾಲ ಬಳಿ ಕೂತು ಬಟ್ಟೆ ಮಡಚುತ್ತಿದ್ದಳು. ಮಗಳ ಎದೆ ಏರಿತು, ಇಳಿಯಿತು, ಮತ್ತೆ ಏರಲಿಲ್ಲ. ಆಕೆ ಮಡಚುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ಕಾದಳು. ಏರಲಿಲ್ಲ.

"ಅಜ್ಜಿ, ಅಮ್ಮ ಹೂಂ ಅಂತಿಲ್ಲ."

"ಹೂಂ ಪುಟ್ಟ."

"ನಿದ್ದೆ ಮಾಡಿದ್ಲಾ?"

"ಇಲ್ಲ. ಅಮ್ಮ ಹೋದ್ಲು ಕಣೆ. ಸತ್ತುಹೋದ್ಲು." ಚಿಕ್ಕವರಿಗೆ ಸಾವನ್ನು ನಿದ್ದೆ ಅಂತ ಹೇಳಬಾರದು, ಹೇಳಿದರೆ ಆಮೇಲೆ ನಿದ್ದೆಗೇ ಹೆದರುತ್ತಾರೆ. ಅದೂ ಆಕೆಗೆ ಗೊತ್ತಿದ್ದ ವಿಷಯವೇ.

ಮಗು ಅಲುಗಾಡಲಿಲ್ಲ. ಅದರ ಕೈ ಅಮ್ಮನ ಬೆರಳನ್ನು ಬಿಡಲೂ ಇಲ್ಲ. ಸ್ವಲ್ಪ ಹೊತ್ತಿಗೆ ಕೇಳಿತು. "ಈಗ ಕಣ್ಣು ಬಿಡ್ಲಾ?"

ಕತ್ತರಿಯಮ್ಮ ಎದ್ದಳು. ಸಾವಿರಾರು ಮುಖಗಳನ್ನು ನೋಡಿ ತೂಗಿದ ಕಣ್ಣಿನಿಂದ ತನ್ನ ಮಗಳ ಮುಖವನ್ನು ನೋಡಿದಳು. ಅರ್ಧ ತೆರೆದಿದ್ದ ರೆಪ್ಪೆಯನ್ನು ಹೆಬ್ಬೆರಳಿನಿಂದ ಮುಚ್ಚಿದಳು. ಗಲ್ಲವನ್ನು ಮೇಲಕ್ಕೆತ್ತಿ ಬಾಯಿ ಸೇರಿಸಿ, ಕೆಳಗೆ ಮಡಚಿದ ಬಟ್ಟೆ ಇಟ್ಟಳು. ತಲೆಗೆ ಕಟ್ಟಿದ ವಸ್ತ್ರ ಸರಿಮಾಡಿದಳು. ಕಿಟಕಿಯ ಪರದೆ ಸರಿಸಿ ಬಿಸಿಲು ಬಿಟ್ಟಳು. ಆಮೇಲೆ ಮೊಮ್ಮಗಳ ಹಿಂದೆ ಮಲಗಿ, ಅದರ ಬೆನ್ನನ್ನು ತನ್ನ ಎದೆಗೆ ಒತ್ತಿ ಹಿಡಿದುಕೊಂಡಳು. ಇಡೀ ಜೀವಮಾನದಲ್ಲಿ ಯಾವ ತೀರ್ಮಾನವೂ ಆಕೆಗೆ ಇಷ್ಟು ಭಾರವಾಗಿರಲಿಲ್ಲ.

"ಬಿಡು," ಅಂದಳು. "ನಾನಿದೀನಿ."

ಸಾಸಿವೆ ಕಣ್ಣು ಬಿಟ್ಟಳು. ನೋಡಿದಳು, ತುಂಬ ಹೊತ್ತು ನೋಡಿದಳು. ಹುಬ್ಬಿಲ್ಲದ ಹಣೆಯನ್ನು ಬೆರಳಿನಿಂದ ಮುಟ್ಟಿದಳು.

"ಅಮ್ಮನೇ ಇದ್ಲಲ್ಲ ಅಜ್ಜಿ," ಅಂದಳು. "ಮೊದಲೇ ನೋಡಬೋದಿತ್ತು."

ಹೊರಗೆ ಅಳಿಯ ಗೇಟು ತೆರೆದ ಸದ್ದು ಕೇಳಿಸಿತು.